‘ಈ ಟ್ರೇಡ್ ಬೇಡ’ ಅನ್ನುವುದೂ ನಿರ್ಧಾರವೇ: ಕ್ಲಬ್ಬಿನಲ್ಲಿ ಇದನ್ನು ಹತ್ತು ನಿಮಿಷದಲ್ಲಿ ಹೇಳುವುದು ಹೇಗೆ?

ಟ್ರೇಡಿಂಗ್ ಕ್ಲಬ್ಬಿನಲ್ಲಿ ಈ ವಿಷಯ ಮಾತಾಡಲು ಯಾರಾದರೂ ಎದ್ದು ನಿಂತರೆ ಹೆಚ್ಚಿನ ಸಲ ನಡೆಯುವುದು ಒಂದೇ. ಒಂದು ಚಾರ್ಟ್ ಹಾಕುತ್ತಾರೆ. ಬ್ರೇಕೌಟ್ ಆದ ಜಾಗಕ್ಕೆ ಬೆರಳಿಟ್ಟು ‘ಇಲ್ಲಿ ನನಗೆ ಅನುಮಾನ ಬಂತು, ಬಿಟ್ಟುಬಿಟ್ಟೆ’ ಅನ್ನುತ್ತಾರೆ. ಮುಂದಿನ ಸ್ಲೈಡಿನಲ್ಲಿ ಬೆಲೆ ಧಡಾರನೆ ಬಿದ್ದಿರುತ್ತದೆ. ‘ನೋಡಿ, ಬಚಾವಾದೆ’ ಅಂದಾಗ ಎಲ್ಲರೂ ತಲೆಯಾಡಿಸುತ್ತಾರೆ, ಚಪ್ಪಾಳೆಯೂ ಬೀಳುತ್ತದೆ.

ಆದರೆ ಕೇಳಿದವರು ಕಲಿತದ್ದೇನು? ಬಿಟ್ಟ ಮೇಲೆ ಬೆಲೆ ಬಿದ್ದರೆ ಬಿಟ್ಟದ್ದು ಸರಿ ಅಂತ. ಹಾಗಿದ್ದರೆ ಬಿಟ್ಟ ಮೇಲೆ ಏರಿದರೆ ಬಿಟ್ಟದ್ದು ತಪ್ಪು ಅಂತಲೂ ಆಯಿತಲ್ವಾ? ಮುಂದಿನ ವಾರ ಬಿಟ್ಟದ್ದೊಂದು ಏರುತ್ತದೆ, ಅದರ ಮರುದಿನವೇ ಅವರು ಅನುಮಾನದ ಸೆಟಪ್ಪಿಗೂ ದುಡ್ಡು ಹಾಕಲು ಶುರು ಮಾಡುತ್ತಾರೆ. ಇಂಥ ಮಾತುಗಳನ್ನು ಕೇಳಿ ಕೇಳಿ, ಇದನ್ನು ಸರಿಯಾಗಿ ಮಾಡುವ ಕ್ರಮವನ್ನು ಬರೆದಿಡಬೇಕು ಅನ್ನಿಸಿತು.

ಹಂತ 1: ಒಂದೇ ಚಾರ್ಟ್, ಅದೂ ಬಿಟ್ಟ ಮೇಲೆ ಏರಿದ್ದು

ಐದಾರು ಚಾರ್ಟ್ ಬೇಡ, ಒಂದು ಸಾಕು. ನಿಮ್ಮದೇ ನಿಯಮದ ಪ್ರಕಾರ ನೀವು ಬಿಟ್ಟದ್ದಾಗಿರಬೇಕು, ಬಿಟ್ಟ ಮೇಲೆ ಏರಿರಬೇಕು. ಇದರಲ್ಲಿ ರಾಜಿ ಬೇಡ. ಬಿದ್ದ ಚಾರ್ಟ್ ತಂದರೆ ಉಳಿದ ಮಾತೆಲ್ಲ ನೀರಿಗೆ ಹೋದ ಹಾಗೆ.

ಇಲ್ಲಿ ನಾನು ಕಲ್ಪಿಸಿಕೊಂಡ ಒಂದು ಚಾರ್ಟನ್ನು ಇಟ್ಟುಕೊಂಡು ಹೇಳುತ್ತೇನೆ, ನೀವು ನಿಮ್ಮದನ್ನು ಹಾಕಿಕೊಳ್ಳಿ. ಒಂದು ಷೇರು ಹಲವು ವಾರ 92 ಮತ್ತು 100ರ ನಡುವೆಯೇ ಓಡಾಡಿದೆ. ನಿಯಮ ಸರಳ: 100ರ ಮೇಲೆ ಮುಚ್ಚಬೇಕು, ಆ ದಿನದ ವಾಲ್ಯೂಮ್ ಹಿಂದಿನ 20 ದಿನಗಳ ಸರಾಸರಿಗಿಂತ ಕನಿಷ್ಠ ಒಂದೂವರೆ ಪಟ್ಟು ಇರಬೇಕು, ಸ್ಟಾಪ್‌ಲಾಸ್ 97. ಆ ದಿನ ಬೆಲೆ 102.5ಕ್ಕೆ ಮುಚ್ಚಿದೆ. ಚಾರ್ಟ್ ನೋಡಲು ಚೆಂದವಾಗಿದೆ. ಆದರೆ ವಾಲ್ಯೂಮ್ ಸರಾಸರಿಗಿಂತ ಸ್ವಲ್ಪ ಕಡಿಮೆ. ಮೇಲೆ 106ರಲ್ಲಿ ಹಳೆಯ ಶಿಖರವೊಂದಿದೆ, ಹಿಂದೆ ಬೆಲೆ ಅಲ್ಲಿಂದಲೇ ತಿರುಗಿ ಇಳಿದಿತ್ತು. ಜೊತೆಗೆ ಎರಡು ದಿನದಲ್ಲಿ ಕಂಪನಿಯ ತ್ರೈಮಾಸಿಕ ಫಲಿತಾಂಶ ಬರುವುದಿದೆ.

ಅನುಮಾನದ ಸೆಟಪ್ ಅಂದರೆ ಇದು. ನಿಯಮದ ಒಂದು ಷರತ್ತು ತಪ್ಪಿದೆ, ಯಾವುದು ತಪ್ಪಿದೆ ಅಂತ ಬೆರಳಿಟ್ಟು ತೋರಿಸಬಹುದು. ಎಲ್ಲ ಷರತ್ತೂ ಸರಿಯಿದ್ದು ಮನಸ್ಸಿಗೆ ಮಾತ್ರ ಯಾಕೋ ಸರಿ ಕಾಣುತ್ತಿಲ್ಲ ಅನ್ನುವುದು ಬೇರೆ ಕಥೆ. ಅದಕ್ಕೆ ಐದನೇ ಹಂತದಲ್ಲಿ ಬರುತ್ತೇನೆ.

ಹಂತ 2: ಬಲಭಾಗ ಮುಚ್ಚಿ, ಚೀಟಿ ಬರೆಸಿ

ನಿರ್ಧಾರದ ದಿನದ ಕ್ಯಾಂಡಲ್‌ನಿಂದ ಬಲಕ್ಕೆ ಏನೂ ಕಾಣಬಾರದು. ಚಾರ್ಟ್ ಸಾಫ್ಟ್‌ವೇರಿನಲ್ಲಿ ರಿಪ್ಲೇ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಆ ದಿನವೇ ತೆಗೆದಿಟ್ಟ ಸ್ಕ್ರೀನ್‌ಶಾಟ್ ಸಾಕು. ಬೆಲೆಯ ಅಳತೆಪಟ್ಟಿಯನ್ನೂ ಒಮ್ಮೆ ಗಮನಿಸಿ. ಅದು 115ರವರೆಗೆ ಹೋಗಿದ್ದರೆ ಮುಂದೆ ಬೆಲೆ ಏರಿದೆ ಅಂತ ಜಾಣರು ಅಲ್ಲೇ ಹಿಡಿದುಬಿಡುತ್ತಾರೆ.

ಸಭಿಕರಿಗೆ ಚೀಟಿ ಕೊಟ್ಟು ಎರಡೇ ಸಾಲು ಬರೆಸಿ: ತೆಗೆದುಕೊಳ್ಳುತ್ತೀರಾ ಬಿಡುತ್ತೀರಾ ಅನ್ನುವುದು ಒಂದು, ಅದಕ್ಕೆ ಕಾರಣ ಇನ್ನೊಂದು. ಕೈ ಎತ್ತಿಸಬೇಡಿ. ಕೈ ಎತ್ತಲು ಹೇಳಿದರೆ ಎಲ್ಲರೂ ಕ್ಲಬ್ಬಿನ ಹಿರಿಯರ ಕೈ ಎಲ್ಲಿದೆ ಅಂತ ನೋಡುತ್ತಾರೆ. ಬಾಣದ ಗುರುತು ಹಾಕಿ ‘ಕೊಳ್ಳಿ’, ‘ಮಾರಿ’ ಅನ್ನುವ ಇಂಡಿಕೇಟರುಗಳು ಚಾರ್ಟಿನ ಮೇಲಿದ್ದರೆ ತೆಗೆದುಹಾಕಿ. ಅವುಗಳಲ್ಲಿ ಹಲವು ಹೊಸ ಕ್ಯಾಂಡಲ್ ಬಂದಂತೆ ಹಳೆಯ ಬಾಣವನ್ನೇ ಅಳಿಸಿ ಬೇರೆ ಜಾಗದಲ್ಲಿ ಹಾಕುತ್ತವೆ. ಹಿಂದಕ್ಕೆ ನೋಡಿದರೆ ಒಂದೂ ತಪ್ಪಿಲ್ಲದಂತೆ ಕಾಣುತ್ತದೆ. ಅಂಥದ್ದಕ್ಕೆ ದುಡ್ಡು ಕೊಡಬೇಡಿ.

ಹಂತ 3: ಬೋರ್ಡಿನ ಮೇಲೆ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ಮಾತಾಡುವವರು ಈ ಹಂತವನ್ನು ಹಾರಿಸಿ ನೇರವಾಗಿ ತಾಳ್ಮೆ, ಶಿಸ್ತು ಅಂತ ಬೋಧನೆಗೆ ಇಳಿಯುತ್ತಾರೆ. ಹತ್ತು ನಿಮಿಷದಲ್ಲಿ ಐದು ನಿಮಿಷ ಇದಕ್ಕೇ ಇಡಿ, ನಿಧಾನವಾಗಿ ಬರೆಯಿರಿ.

ಮೊದಲು ಒಂದು ಅಳತೆ ಬೇಕು. ಎಂಟ್ರಿಯಿಂದ ಸ್ಟಾಪ್‌ಲಾಸ್‌ವರೆಗಿನ ದೂರಕ್ಕೆ 1 ಆರ್ ಅನ್ನೋಣ. ಈ ಟ್ರೇಡಿನಲ್ಲಿ ನೀವು ಪಣಕ್ಕಿಡುತ್ತಿರುವುದು ಅಷ್ಟು. ಲಾಭವನ್ನೂ ನಷ್ಟವನ್ನೂ ಇದೇ ಅಳತೆಯಲ್ಲಿ ಹೇಳಿದರೆ ಬೇರೆ ಬೇರೆ ಷೇರುಗಳನ್ನು ಹೋಲಿಸಬಹುದು.

ಮೊದಲು ಒಳ್ಳೆಯ ರೂಪದ ಲೆಕ್ಕ. ಎಂಟ್ರಿ 101, ಸ್ಟಾಪ್ 97, ಮೇಲೆ ಅಡ್ಡಿ ಏನೂ ಇಲ್ಲ, ಟಾರ್ಗೆಟ್ 109. ಅಪಾಯ 4, ಲಾಭ 8, ಅಂದರೆ 2 ಆರ್. ಬ್ರೋಕರೇಜ್, ತೆರಿಗೆ, ಬಯಸಿದ ಬೆಲೆಗೆ ಸಿಗದೆ ಆಗುವ ವ್ಯತ್ಯಾಸ ಎಲ್ಲ ಸೇರಿ ಒಂದು ಟ್ರೇಡಿಗೆ 0.1 ಆರ್ ಖರ್ಚು ಅಂತಿಟ್ಟುಕೊಳ್ಳಿ. ಗೆದ್ದರೆ ಕೈಗೆ 1.9, ಸೋತರೆ ಹೋಗುವುದು 1.1. ನಷ್ಟವೂ ಇಲ್ಲದೆ ಲಾಭವೂ ಇಲ್ಲದೆ ಸರಿದೂಗಲು ಎಷ್ಟು ಸಲ ಗೆಲ್ಲಬೇಕು? ಸೋಲಿನ ಮೊತ್ತವನ್ನು ಗೆಲುವು ಸೋಲು ಎರಡರ ಒಟ್ಟು ಮೊತ್ತದಿಂದ ಭಾಗಿಸಿ. 1.1 ಭಾಗಿಸು 3, ಅಂದರೆ ನೂರಕ್ಕೆ ಸುಮಾರು 37. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಸಲ ಗೆದ್ದರೆ ಸಾಕು.

ಈಗ ಅದರ ಪಕ್ಕದಲ್ಲೇ ನಮ್ಮ ಅನುಮಾನದ ಸೆಟಪ್ ಬರೆಯಿರಿ. ಎಂಟ್ರಿ 102.5, ಸ್ಟಾಪ್ ಅದೇ 97. ಅಪಾಯ 5.5. ಮೇಲೆ 106ರಲ್ಲಿ ಅಡ್ಡಿಯಿದೆ, ಹಾಗಾಗಿ ಪ್ರಾಮಾಣಿಕವಾಗಿ ಇಡಬಹುದಾದ ಟಾರ್ಗೆಟ್ 106. ಲಾಭ 3.5, ಅಂದರೆ ಬರೀ 0.64 ಆರ್. ಖರ್ಚು ಕಳೆದರೆ ಗೆದ್ದಾಗ 0.54, ಸೋತಾಗ 1.1. ಸರಿದೂಗಲು ನೂರಕ್ಕೆ 67 ಸಲ ಗೆಲ್ಲಬೇಕು.

ಇಲ್ಲಿ ಒಂದು ನಿಮಿಷ ಸುಮ್ಮನಿರಿ, ಸಭಿಕರು ನೋಡಲಿ. ಎರಡಕ್ಕೂ ಹೆಸರು ‘ರೇಂಜ್ ಬ್ರೇಕೌಟ್’. ಒಂದು 37 ಕೇಳುತ್ತದೆ, ಇನ್ನೊಂದು 67 ಕೇಳುತ್ತದೆ. ವಾಲ್ಯೂಮ್ ಇಲ್ಲದ ಬ್ರೇಕೌಟ್, ಮೂರರಲ್ಲಿ ಎರಡು ಸಲ ಗೆಲ್ಲುತ್ತದೆ ಅಂತ ಹೇಳಲು ನಿಮ್ಮ ಹತ್ತಿರ ಏನು ಆಧಾರವಿದೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ‘ಬಿಡುತ್ತೇನೆ’ ಅನ್ನುವುದು ಆ ಸಂಜೆ ಕೈಯಲ್ಲಿದ್ದ ಮಾಹಿತಿಯಿಂದ ಮಾಡಿದ ಲೆಕ್ಕದ ಉತ್ತರ. ಕೊಳ್ಳುವ ಗುಂಡಿ ಒತ್ತುವುದು ಹೇಗೆ ನಿರ್ಧಾರವೋ ಇದೂ ಹಾಗೆಯೇ.

ಸಭೆಯಲ್ಲಿ ಒಬ್ಬರಾದರೂ ಆಗ ಕೇಳಿಯೇ ಕೇಳುತ್ತಾರೆ: ‘ಸ್ಟಾಪ್ ಅನ್ನು ಹತ್ತಿರ ತಂದರೆ ಆಯಿತಲ್ಲ? 97ರ ಬದಲು 100.5 ಇಡಿ, ಅಪಾಯ 2, ಲಾಭ 3.5, ಒಂದೂಮುಕ್ಕಾಲು ಆರ್ ಸಿಗುತ್ತೆ.’ ಈ ಪ್ರಶ್ನೆ ಬಂದರೆ ಖುಷಿಪಡಿ, ಬಾರದಿದ್ದರೆ ನೀವೇ ಎತ್ತಿ. ಇಲ್ಲಿ ಎಟಿಆರ್ ತೋರಿಸಬೇಕು, ಅಂದರೆ ಈ ಷೇರು ಒಂದು ದಿನದಲ್ಲಿ ಸರಾಸರಿ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅನ್ನುವ ಅಂಕಿ. ನಮ್ಮ ಷೇರಿಗೆ ಅದು 2.4 ಅಂತಿರಲಿ. 2 ಪಾಯಿಂಟ್ ದೂರದ ಸ್ಟಾಪ್, ಒಂದು ಮಾಮೂಲಿ ದಿನದ ಓಡಾಟದ ಒಳಗೇ ಬಂದುಬಿಟ್ಟಿತು. ಬೆಲೆ ಎಲ್ಲಿಗೂ ಹೋಗದೆ ನಿಂತಲ್ಲೇ ಅಲುಗಾಡಿದರೂ ಅದು ಬಡಿಯಬಹುದು. ಕಾಗದದ ಮೇಲೆ ಲಾಭದ ಅನುಪಾತ ಚೆಂದವಾಯಿತು, ಗೆಲ್ಲುವ ಸಂಖ್ಯೆ ಅಷ್ಟೇ ಇಳಿಯಿತು. ಸ್ಟಾಪ್ ಎಲ್ಲಿರಬೇಕು ಅಂತ ಚಾರ್ಟ್ ಹೇಳಬೇಕು, ಬೇಕಾದ ಅನುಪಾತ ಬರಲಿ ಅಂತ ನಾವು ಎಳೆದಾಡುವುದಲ್ಲ.

ಫಲಿತಾಂಶದ ವಿಷಯವನ್ನೂ ಇಲ್ಲೇ ಒಂದು ಮಾತಲ್ಲಿ ಮುಗಿಸಿ. ಫಲಿತಾಂಶ ಕೆಟ್ಟದಾಗಿ ಬಂದು ಮರುದಿನ ಬೆಲೆ 91ಕ್ಕೆ ತೆರೆದರೆ 97ರ ಸ್ಟಾಪ್ 97ಕ್ಕೆ ಮಾರುವುದಿಲ್ಲ, 91ರ ಸುತ್ತಮುತ್ತ ಮಾರುತ್ತದೆ. ಆಗ ನಷ್ಟ 1 ಆರ್ ಅಲ್ಲ, 2 ಆರ್ ದಾಟುತ್ತದೆ. ಅಂದರೆ 67 ಅನ್ನುವುದೂ ಕಡಿಮೆಯಲ್ಲಿ ಹೇಳಿದ ಲೆಕ್ಕ.

ಹಂತ 4: ಬಲಭಾಗ ತೆರೆಯಿರಿ

ಈಗ ತೆರೆಯಿರಿ. ಫಲಿತಾಂಶ ಚೆನ್ನಾಗಿ ಬಂದಿದೆ, ಬೆಲೆ 106 ದಾಟಿದೆ, ಕೆಲವು ದಿನದಲ್ಲಿ 111 ಮುಟ್ಟಿದೆ. ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ಆಗ ಗಾಬರಿಯಾಗಿ ಸಮರ್ಥನೆಗೆ ಇಳಿಯಬೇಡಿ. ‘ಆಮೇಲೆ ಬಿತ್ತು ಗೊತ್ತಾ’ ಅಂತ ಇನ್ನೂ ಬಲಕ್ಕೆ ಎಳೆದು ತೋರಿಸುವವರಿದ್ದಾರೆ, ಅದು ಬಿದ್ದ ಚಾರ್ಟ್ ತಂದಷ್ಟೇ ಕೆಟ್ಟದ್ದು.

ಬದಲಿಗೆ ಬೋರ್ಡಿಗೆ ಮರಳಿ. ಈ ಸೆಟಪ್ ಹತ್ತರಲ್ಲಿ ಐದು ಸಲ ಗೆಲ್ಲುತ್ತದೆ ಅಂತ ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಐದು ಗೆಲುವಿಗೆ 0.54ರಂತೆ 2.7 ಬಂತು. ಐದು ಸೋಲಿಗೆ 1.1ರಂತೆ 5.5 ಹೋಯಿತು. ಹತ್ತು ಟ್ರೇಡಿನ ಕೊನೆಗೆ 2.8 ಆರ್ ನಷ್ಟ. ಈಗ ತೆರೆದು ನೋಡಿದ್ದು ಆ ಐದು ಗೆಲುವಿನಲ್ಲಿ ಒಂದು. ನಷ್ಟ ತರುವ ಸೆಟಪ್ ಕೂಡ ಅರ್ಧಕ್ಕರ್ಧ ಸಲ ಗೆಲ್ಲುತ್ತಲೇ ಇರುತ್ತದೆ, ಒಂದು ಸಲದ ಗೆಲುವು ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದನ್ನು ಹೇಳಲು ಏರಿದ ಚಾರ್ಟೇ ಬೇಕು, ಅದಕ್ಕೇ ಮೊದಲ ಹಂತದಲ್ಲಿ ಅಷ್ಟು ಹಠ ಮಾಡಿದ್ದು.

‘111ಕ್ಕೆ ಹೋಯಿತಲ್ಲ, ಟಾರ್ಗೆಟ್ 111 ಇಟ್ಟಿದ್ದರೆ ಒಂದೂವರೆ ಆರ್’ ಅನ್ನುತ್ತಾರೆ. ನಿಜ, ಆದರೆ ಆ ಸಂಜೆ 111 ಅನ್ನುವ ಸಂಖ್ಯೆ ಚಾರ್ಟಿನಲ್ಲಿ ಎಲ್ಲೂ ಇರಲಿಲ್ಲ, 106 ಇತ್ತು. ಬೆಲೆ ಏರಿದಂತೆ ಸ್ಟಾಪನ್ನೂ ಏರಿಸುತ್ತಾ ಹೋಗುವುದು ನಿಮ್ಮ ಪದ್ಧತಿಯಾಗಿದ್ದರೆ ಅದನ್ನು ಮೊದಲೇ ನಿಯಮದಲ್ಲಿ ಬರೆದು, ಹಳೆಯ ಟ್ರೇಡುಗಳಲ್ಲಿ ಅದರ ಸರಾಸರಿ ಎಷ್ಟು ಬಂದಿದೆ ಅಂತ ನೋಡಿ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಮೇಲೆ ಚೀಟಿ ತೆರೆದು ಓದಿ, ಹೆಸರು ಓದಬೇಡಿ. ‘ಬಿಡುತ್ತೇನೆ, ಯಾಕೋ ಬೇಡ ಅನ್ನಿಸಿತು’ ಅಂತ ಬರೆದವರ ಚೀಟಿಯನ್ನೂ ‘ಬಿಡುತ್ತೇನೆ, ವಾಲ್ಯೂಮ್ ಇಲ್ಲ, 106ರಲ್ಲಿ ಅಡ್ಡಿ’ ಅಂತ ಬರೆದವರ ಚೀಟಿಯನ್ನೂ ಅಕ್ಕಪಕ್ಕ ಇಡಿ. ಇಬ್ಬರೂ ಮಾಡಿದ್ದು ಒಂದೇ, ಆದರೆ ಎರಡನೆಯವರದ್ದನ್ನು ಮಾತ್ರ ಮುಂದೆ ಪರೀಕ್ಷಿಸಿ ನೋಡಬಹುದು.

ಹಂತ 5: ಬಿಟ್ಟದ್ದರ ಪುಸ್ತಕ

ಬಿಟ್ಟ ಟ್ರೇಡ್ ನಿರ್ಧಾರ ಅಂತ ಜನರಿಗೆ ಅನ್ನಿಸದೇ ಇರಲು ಒಂದು ಸರಳ ಕಾರಣವಿದೆ: ಅದು ಎಲ್ಲೂ ದಾಖಲಾಗುವುದಿಲ್ಲ. ಬ್ರೋಕರ್ ಕಳಿಸುವ ಲೆಕ್ಕಪತ್ರದಲ್ಲಿ ಕೊಂಡದ್ದು, ಮಾರಿದ್ದು ಮಾತ್ರ ಇರುತ್ತದೆ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಜರ್ನಲ್ ಆ್ಯಪ್‌ಗಳಲ್ಲೂ ಬಹಳಷ್ಟು ಆ ಪತ್ರವನ್ನೇ ಎಳೆದುಕೊಂಡು ಗ್ರಾಫ್ ಹಾಕುತ್ತವೆ, ಬಿಟ್ಟದ್ದು ಅವುಗಳಲ್ಲಿ ತಾನಾಗಿ ಬರುವುದಿಲ್ಲ. ನನ್ನ ಮಾತು ಕೇಳಿ, ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಸ್ಪ್ರೆಡ್‌ಶೀಟ್ ಆದರೂ ಸರಿ.

ಒಂದು ನಮೂದು ಹೀಗಿರಲಿ: ‘ರೇಂಜ್ ಬ್ರೇಕೌಟ್. ಎಂಟ್ರಿ 102.5, ಸ್ಟಾಪ್ 97, ಟಾರ್ಗೆಟ್ 106. ಬಿಟ್ಟ ಕಾರಣ: ವಾಲ್ಯೂಮ್ ಇಲ್ಲ, ಲಾಭ 0.64 ಆರ್ ಮಾತ್ರ. ಮತ್ತೆ ನೋಡುವುದು: ಫಲಿತಾಂಶ ಬಂದ ಮೇಲೆ 101ರ ಹತ್ತಿರ ಇಳಿದು, 100ರ ಮೇಲೆಯೇ ಮುಚ್ಚಿದರೆ.’ ಇದನ್ನು ಆ ಸಂಜೆಯೇ ಬರೆಯಬೇಕು. ನಾಲ್ಕು ದಿನ ಬಿಟ್ಟು ಬರೆದರೆ ಕೈ ತಾನಾಗಿ ಆದದ್ದಕ್ಕೆ ತಕ್ಕ ಕಾರಣ ಬರೆಯುತ್ತದೆ.

ಕೊನೆಯ ಸಾಲು ಮುಖ್ಯ. ಬಿಟ್ಟದ್ದನ್ನು ಮತ್ತೆ ಯಾವಾಗ ಮುಟ್ಟುತ್ತೀರಿ ಅಂತ ಅದು ಹೇಳುತ್ತದೆ. ಈ ಸಾಲು ಇಲ್ಲದವರು ಮಾಡುವುದೇನು ಗೊತ್ತಾ? 102.5ಕ್ಕೆ ಬಿಡುತ್ತಾರೆ, 105.5 ಆದಾಗ ತಡೆಯಲಾಗದೆ ಕೊಳ್ಳುತ್ತಾರೆ. ಸ್ಟಾಪ್ ಇನ್ನೂ 97ರಲ್ಲೇ, ಅಪಾಯ ಎಂಟೂವರೆ ಪಾಯಿಂಟ್ ಆಯಿತು. ಸರಿಯಾಗಿ ಬಿಟ್ಟವರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ, ಬಿಟ್ಟದ್ದರಿಂದಲ್ಲ.

ಬಿಟ್ಟ ಟ್ರೇಡ್ ಕೊನೆಗೆ ಏನಾಯಿತು ಅನ್ನುವ ಕಾಲಂ ತುಂಬುವಾಗ ನಿಜವಾಗಿ ಕೊಂಡಿದ್ದರೆ ಏನಾಗುತ್ತಿತ್ತೋ ಅದೇ ನಿಯಮ. ಮೊದಲು ಮುಟ್ಟಿದ್ದು ಸ್ಟಾಪೋ ಟಾರ್ಗೆಟ್ಟೋ ಅಷ್ಟೇ ನೋಡಿ. ಒಂದೇ ದಿನದ ಕ್ಯಾಂಡಲ್‌ನಲ್ಲಿ ಎರಡೂ ಮುಟ್ಟಿದ್ದರೆ, ಯಾವುದು ಮೊದಲು ಅಂತ ದಿನದ ಚಾರ್ಟ್ ಹೇಳುವುದಿಲ್ಲ. ಆಗ ಸ್ಟಾಪ್ ಅಂತಲೇ ಬರೆಯಿರಿ. ಖರ್ಚಿನ 0.1 ಕಳೆಯುವುದನ್ನು ಮರೆಯಬೇಡಿ.

ಇನ್ನೊಂದು ಕಾಲಂ ಕೂಡ ಇರಲಿ: ಬಿಟ್ಟದ್ದು ಯಾವ ಬಗೆ. ನಿಯಮ ತಪ್ಪಿದ್ದರಿಂದ ಬಿಟ್ಟದ್ದು ಒಂದು. ಎಲ್ಲ ಸರಿಯಿದ್ದೂ ಕೈ ಬಾರದೆ ಬಿಟ್ಟದ್ದು ಇನ್ನೊಂದು. ಆ ದಿನ ಚಾರ್ಟೇ ನೋಡದೆ ತಪ್ಪಿಹೋದದ್ದು ಮತ್ತೊಂದು. ಮೂರನೆಯದು ನಿರ್ಧಾರವೇ ಅಲ್ಲ, ಅದನ್ನು ‘ಬಿಟ್ಟೆ’ ಅಂತ ಬರೆದರೆ ಪುಸ್ತಕ ಕೆಡುತ್ತದೆ. ಎರಡನೆಯದರ ಬಗ್ಗೆ ನನ್ನ ನಿಲುವು ಗಟ್ಟಿ: ಷರತ್ತೆಲ್ಲ ಸರಿಯಿದ್ದರೆ ತೆಗೆದುಕೊಳ್ಳಿ, ಮನಸ್ಸಿನ ಕಸಿವಿಸಿಯನ್ನು ಪಕ್ಕದಲ್ಲಿ ಬರೆದಿಡಿ. ಸಾಲಾಗಿ ಮೂರು ನಷ್ಟವಾದ ಮೇಲೆ ನಾಲ್ಕನೆಯದು ‘ಅನುಮಾನ’ವಾಗಿ ಕಾಣುವುದು ಚಾರ್ಟಿನ ದೋಷವಲ್ಲ. ಪತ್ತೆ ಹಚ್ಚುವುದು ಸುಲಭ. ಇವತ್ತು ಬಿಡಲು ಬರೆದ ಕಾರಣ ಹೋದ ವಾರ ತೆಗೆದುಕೊಂಡ ಟ್ರೇಡಿಗೂ ಅನ್ವಯಿಸುತ್ತದಾ ಅಂತ ನೋಡಿ. ಅನ್ವಯಿಸಿದರೆ ಅದು ಭಯ.

ಹಂತ 6: ಎರಡು ಪಟ್ಟಿ ಪಕ್ಕಪಕ್ಕ

ಪುಸ್ತಕ ತುಂಬಿದ ಮೇಲೆ ಏನು ಸಿಗುತ್ತದೆ ಅಂತ ಒಂದು ಕಲ್ಪಿತ ಲೆಕ್ಕ ಬರೆದು ತೋರಿಸಿ, ಮಾತು ಮುಗಿಸಿ. ತೆಗೆದುಕೊಂಡದ್ದು 40, ಎಲ್ಲ 2 ಆರ್ ಟಾರ್ಗೆಟ್. ಗೆದ್ದದ್ದು 18, ಸೋತದ್ದು 22. ಖರ್ಚು ಕಳೆದು ಒಟ್ಟು 10 ಆರ್ ಲಾಭ. ನಿಯಮ ತಪ್ಪಿದ್ದರಿಂದ ಬಿಟ್ಟದ್ದು 40, ಎಲ್ಲಕ್ಕೂ ಒಂದೂವರೆ ಆರ್ ಟಾರ್ಗೆಟ್. ಅದರಲ್ಲಿ 14 ಗೆಲ್ಲುತ್ತಿದ್ದವು, 26 ಸೋಲುತ್ತಿದ್ದವು. ಒಟ್ಟು 9 ಆರ್ ನಷ್ಟ. ಎಲ್ಲ 80 ತೆಗೆದುಕೊಂಡಿದ್ದರೆ ಉಳಿಯುತ್ತಿದ್ದದ್ದು 1 ಆರ್. ಬಿಟ್ಟದ್ದರಲ್ಲಿ 14 ಸಲ ‘ಅಯ್ಯೋ’ ಅನ್ನಿಸಿದ್ದು ನಿಜ, ಆದರೂ ಆ ಪಟ್ಟಿ ಉಳಿಸಿದ್ದು 9 ಆರ್.

ಇಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. 40 ಸಣ್ಣ ಸಂಖ್ಯೆ. ಇಂಥ ಟ್ರೇಡುಗಳಲ್ಲಿ 40ರ ಮೇಲೆ 10 ಆರ್ ಅತ್ತಿತ್ತ ಆಗುವುದು ಬರೀ ಅದೃಷ್ಟದಿಂದಲೂ ಸಾಧ್ಯ. ಹಾಗಾಗಿ ಇದರಿಂದ ನಿಯಮ ಸರಿ ಅಂತ ಸಾಬೀತಾಗುವುದಿಲ್ಲ, ದಿಕ್ಕು ಮಾತ್ರ ಕಾಣುತ್ತದೆ. ಬರೆಯುತ್ತಾ ಹೋಗಿ, ಕಾರಣದ ಪ್ರಕಾರ ವಿಂಗಡಿಸಿ. ವಾಲ್ಯೂಮ್ ಇಲ್ಲ ಅಂತ ಬಿಟ್ಟವು ನಷ್ಟ ತೋರಿಸಿ, ಫಲಿತಾಂಶ ಹತ್ತಿರವಿದೆ ಅಂತ ಬಿಟ್ಟವು ತಿಂಗಳುಗಟ್ಟಲೆ ಲಾಭವನ್ನೇ ತೋರಿಸುತ್ತಿದ್ದರೆ ಫಲಿತಾಂಶದ ಷರತ್ತನ್ನು ತಿದ್ದುವ ಕಾಲ ಬಂದಿದೆ. ಬಿಡುವುದು ನಿರ್ಧಾರ ಅಂದಮೇಲೆ ಅದೂ ತಪ್ಪಾಗಬಹುದು, ತಪ್ಪಿದ್ದರೆ ಈ ಪುಸ್ತಕದಲ್ಲೇ ಸಿಕ್ಕಿಬೀಳಬೇಕು.

ಕೊನೆಯಲ್ಲಿ ಬರುವ ಪ್ರಶ್ನೆ

‘ಅನುಮಾನ ಇದ್ದರೆ ಅರ್ಧ ಕ್ವಾಂಟಿಟಿ ತೆಗೆದುಕೊಂಡರೆ ಹೇಗೆ?’ ಇದನ್ನು ಯಾರಾದರೂ ಕೇಳದೆ ಸಭೆ ಮುಗಿಯುವುದಿಲ್ಲ, ಉತ್ತರ ತಯಾರಿರಲಿ. ಹತ್ತು ಟ್ರೇಡಿಗೆ 2.8 ಆರ್ ಕಳೆಯುವ ಸೆಟಪ್ಪನ್ನು ಅರ್ಧ ಪ್ರಮಾಣದಲ್ಲಿ ಆಡಿದರೆ 1.4 ಕಳೆಯುತ್ತದೆ, ಲಾಭವಾಗುವುದಿಲ್ಲ. ಜೊತೆಗೆ ಅದು ಜಾಗ ಹಿಡಿಯುತ್ತದೆ. ಒಂದೇ ಸಮಯಕ್ಕೆ ಮೂರು ಟ್ರೇಡ್ ಮಾತ್ರ ತೆರೆದಿಡುತ್ತೇನೆ ಅಂತ ಮಿತಿ ಹಾಕಿಕೊಂಡವರಿಗೆ, ಮರುದಿನ ಒಳ್ಳೆಯದೊಂದು ಬಂದಾಗ ಆ ಅರ್ಧ ಟ್ರೇಡ್ ಬಾಗಿಲಿಗೆ ಅಡ್ಡ ಕೂತಿರುತ್ತದೆ. ಅರ್ಧ ಕ್ವಾಂಟಿಟಿಗೆ ಅರ್ಥ ಬರುವುದು ಒಂದೇ ಕಡೆ: ಲೆಕ್ಕ ಲಾಭದ ಕಡೆಗಿದೆ, ಆದರೆ ದಾಖಲೆ ಇನ್ನೂ ಕಡಿಮೆಯಿದೆ, ಹಾಗಾಗಿ ಮೊದಲ ಕೆಲವನ್ನು ಸಣ್ಣದಾಗಿ ಆಡುತ್ತೇನೆ ಅಂತ ಮುಂಚೆಯೇ ಬರೆದಿಟ್ಟಿದ್ದರೆ. ಚಾರ್ಟ್ ಮುಂದೆ ಕೂತಾಗ ಹೊಳೆದ ಅರ್ಧವಾದರೆ ಬೇಡ, ‘ಬಿಟ್ಟೆ’ ಅಂತ ಬರೆದು ಮುಂದಿನ ಚಾರ್ಟಿಗೆ ಹೋಗಿ.

ಮಾತು ಮುಗಿದ ಮೇಲೆ ಚೀಟಿಗಳನ್ನು ಎಸೆಯಬೇಡಿ. ‘ಬಿಡುತ್ತೇನೆ’ ಅಂದವರಿಗೆ ಅವರ ಚೀಟಿಯನ್ನು ವಾಪಸ್ ಕೊಟ್ಟು, ಅದರ ಕೆಳಗೆ ‘ಮತ್ತೆ ಯಾವಾಗ ನೋಡುವುದು’ ಅನ್ನುವ ಸಾಲನ್ನು ಅಲ್ಲೇ ಬರೆಸಿ. ಅವರ ಪುಸ್ತಕದ ಮೊದಲ ನಮೂದು ಅದೇ ಆಗಲಿ.